ಮೌನಕ್ಕೆ ಬಿದ್ದ ಕತ್ತರಿ

ವಿಡಿಯೋವನ್ನು ತಾನಾಗಿಯೇ ಕತ್ತರಿಸಿ ಜೋಡಿಸಿಕೊಡುವೆವೆಂದು ಸಾರುವ ಆನ್‌ಲೈನ್ ಸೇವೆಗೆ ಹಣ ತೆರುವ ಮುನ್ನ ಹೊಸಬರು ಕೇಳಬೇಕಾದ ಪ್ರಶ್ನೆಗಳಲ್ಲಿ ದರದ ಪ್ರಶ್ನೆ ಕೊನೆಯದೆಂಬುದು ನನಗೆ ಮನವರಿಕೆಯಾದದ್ದು ಒಂದು ಭರಣಿ ಉಪ್ಪಿನಕಾಯಿಯ ದೆಸೆಯಿಂದ. ನಮ್ಮ ನೆರೆಮನೆಯ ಹಿರಿಯಾಕೆ ಸಾಗರದ ಕಡೆಯವರು. ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವುದರಲ್ಲಿ ಸಿದ್ಧಹಸ್ತರು. ಈ ವಿದ್ಯೆ ಅತ್ತೆಯವರ ಕೈಯಲ್ಲಿಯೇ ನಿಂತುಹೋಗಬಾರದೆಂದು ಅವರ ಸೊಸೆ ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ನಿಲ್ಲಿಸಿ, 40 ನಿಮಿಷಗಳ ಕಾಲ ಎಲ್ಲವನ್ನೂ ಚಿತ್ರಿಸಿಕೊಂಡು, ಅದನ್ನು ಅಂಥದೊಂದು ಸೇವೆಯ ವಶಕ್ಕೆ ಒಪ್ಪಿಸಿದರು. ಮರಳಿ ಬಂದದ್ದು 11 ನಿಮಿಷದ ವಿಡಿಯೋ. ನೋಡಲು ಚುರುಕಾಗಿಯೇ ಇತ್ತು. ಆದರೆ ಮಿಡಿ ಒಂದು ಸಾಲು, ಕಲ್ಲುಪ್ಪು ಒಂದು ಸಾಲು ಎಂದು ಭರಣಿ ತುಂಬುವ ಭಾಗವೇ ಅದರಲ್ಲಿರಲಿಲ್ಲ. ಅದಕ್ಕಿಂತ ವಿಪರೀತವಾದದ್ದು ಇನ್ನೊಂದು: “ಒದ್ದೆ ಕೈ ಹಾಕೋದು...” ಎಂದು ಕ್ಷಣಕಾಲ ತಡೆದು, ಭರಣಿಯೊಳಗೆ ಇಣುಕುತ್ತ, ಮೆಲ್ಲನೆ “ಬೇಡ” ಎಂದಿದ್ದ ಮಾತಿನಲ್ಲಿ “ಬೇಡ” ಬಿದ್ದುಹೋಗಿ, ಅದರ ಬೆನ್ನಿಗೇ “ಆಮೇಲೆ ಬಾಯಿ ಬಿಗಿಯಾಗಿ ಕಟ್ಟೋದು” ಎಂಬುದು ಬಂದು ಕೂತಿತ್ತು.

“ಬ್ಯಾಡ ಅಂದಿದ್ನಲ್ಲೇ, ಅದೆಲ್ಲಿ ಹೋತು?” ಎಂದರು ಹಿರಿಯಾಕೆ.

ಅದು ಎಲ್ಲಿ ಹೋಯಿತೆಂಬುದನ್ನು ಬಿಡಿಸಿ ಹೇಳುವುದೇ ಈ ವಾರದ ಅಂಕಣದ ಕೆಲಸ. ಇಂಥ ಸೇವೆಗಳಲ್ಲಿ ಬಹುಪಾಲು ಮೊದಲು ಮಾಡುವ ಕಾರ್ಯ ಮೌನಚ್ಛೇದನ: ಧ್ವನಿಯು ಒಂದು ಗೊತ್ತಾದ ಮಟ್ಟಕ್ಕಿಂತ, ಉದಾಹರಣೆಗೆ ಮೈನಸ್ 35 ಡೆಸಿಬೆಲ್‌ಗಿಂತ, ಕೆಳಗಿಳಿದು ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಅಲ್ಲಿಯೇ ಉಳಿದರೆ ಆ ಭಾಗವನ್ನು ವ್ಯರ್ಥವೆಂದೆಣಿಸಿ ತೆಗೆದುಹಾಕುವುದು. ಎರಡು ಮೌನಗಳ ನಡುವೆ ಸಿಕ್ಕಿಬಿದ್ದ ತೀರ ಚಿಕ್ಕ ಸದ್ದನ್ನು ಕೆಮ್ಮೋ ಪಾತ್ರೆಯ ಸಪ್ಪಳವೋ ಇರಬೇಕೆಂದು ಕೆಲವು ಸೇವೆಗಳು ಅದರೊಡನೆಯೇ ಗುಡಿಸಿಬಿಡುತ್ತವೆ. ನಮ್ಮ ಭಾಷೆಯಲ್ಲಾದರೋ ಕ್ರಿಯಾಪದವೂ ನಿಷೇಧವೂ ವಾಕ್ಯದ ತುದಿಯಲ್ಲಿ ಬರುತ್ತವೆ, ಉಸಿರು ಇಳಿದು ದನಿ ತಗ್ಗುವುದೂ ಆ ತುದಿಯಲ್ಲಿಯೇ. ಆದುದರಿಂದ ಬೇಡ, ಇಲ್ಲ, ಕೂಡದು ಎಂಬ ಪದಗಳೇ ಕತ್ತರಿಯ ಬಾಯಿಗೆ ಎಲ್ಲಕ್ಕಿಂತ ಸಮೀಪದಲ್ಲಿರುತ್ತವೆ. ಇನ್ನು ಭರಣಿ ತುಂಬುವಾಗ ಯಾರೂ ಮಾತನಾಡುವುದಿಲ್ಲ. ಕೈ ಮಾತ್ರ ಕೆಲಸಮಾಡುತ್ತದೆ. ಕಿವಿಯಿಂದ ಮಾತ್ರ ತೂಗುವ ಯಂತ್ರಕ್ಕೆ ಅದು ಬರಿದಾದ ಕಾಲ. ಇದೇ ಅಡುಗೆಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಫಲ ತಿರುಗುಮುರುಗಾಗುತ್ತಿತ್ತು: ಫ್ಯಾನಿನ ಗುಂಯ್‌ಗುಟ್ಟುವಿಕೆ ಆ ಮಟ್ಟಕ್ಕಿಂತ ಮೇಲಿದ್ದು, ಎಲ್ಲಿಯೂ ಮೌನವೇ ಕಾಣದೆ, 40 ನಿಮಿಷವೂ ಹೆಚ್ಚುಕಡಮೆ ಹಾಗೆಯೇ ಮರಳುತ್ತಿತ್ತು.

ಹೀಗಿರಲಾಗಿ ಹೊಸಬರು ಮೊಟ್ಟಮೊದಲು ಕೇಳತಕ್ಕದ್ದು, ಈ ಸೇವೆ ಯಾವುದನ್ನು ವ್ಯರ್ಥವೆಂದು ತಿಳಿಯುತ್ತದೆ, ಆ ತಿಳಿವಳಿಕೆಯನ್ನು ನಾನು ತಿದ್ದಬಹುದೇ ಎಂದು. ಧ್ವನಿಯ ಮಟ್ಟವನ್ನೂ ಮೌನದ ಅವಧಿಯನ್ನೂ ಬದಲಿಸಲು ಎಡೆಯಿರಬೇಕು. ಮಾತಿನ ಹಿಂದುಮುಂದು ಕಾಲು ಸೆಕೆಂಡಿನಷ್ಟು ಅಂಚು ಬಿಡುವ ಅನುಕೂಲವಿರಬೇಕು. ಕತ್ತರಿಸಿದ ತುಂಡುಗಳು ಕಣ್ಣಿಗೆ ಕಾಣುವಂತಿದ್ದು, ಬೇಕಾದದ್ದನ್ನು ಒಂದು ಒತ್ತಿನಿಂದ ಮರಳಿ ಪಡೆಯುವಂತಿರಬೇಕು. “ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ” ಎಂದು ಒಂದೇ ಒಂದು ಗುಂಡಿಯನ್ನು ಮುಂದಿಡುವ ಸೇವೆ ಸಂಭಾಷಣೆಗೋ ಉಪನ್ಯಾಸಕ್ಕೋ ಒದಗೀತು. ಕೈಕೆಲಸವನ್ನು ಕಲಿಸುವ ವಿಡಿಯೋಗೆ ನಾನದನ್ನು ಒಪ್ಪಲಾರೆ.

ಎರಡನೆಯ ಪ್ರಶ್ನೆ ಕನ್ನಡದ್ದು. ಕೆಲವು ಸೇವೆಗಳು ಮಾತನ್ನು ಅಕ್ಷರಕ್ಕಿಳಿಸಿ, ಆ ಬರಹದಲ್ಲಿ ಒಂದು ವಾಕ್ಯವನ್ನು ಅಳಿಸಿದೊಡನೆ ವಿಡಿಯೋದಲ್ಲಿಯೂ ಅದು ಅಳಿಯುವಂತೆ ಏರ್ಪಡಿಸಿವೆ. ಬಲು ಸೊಗಸಾದ ಉಪಾಯ. ಆದರೆ ಅದು ನಮಗೆ ಒದಗಬೇಕಾದರೆ ಸೇವೆಗೆ ಕನ್ನಡ ಕೇಳಿಸಬೇಕು. ಪಟ್ಟಿಯಲ್ಲಿ ಕನ್ನಡದ ಹೆಸರಿದ್ದ ಮಾತ್ರಕ್ಕೆ ತೃಪ್ತರಾಗದೆ, ಮೆನುವಿನ ಭಾಷೆಯೋ, ಅನುವಾದದ ಭಾಷೆಯೋ, ಆಡಿದ ಮಾತನ್ನು ಗುರುತಿಸುವ ಭಾಷೆಯೋ ಎಂದು ಬಿಡಿಸಿ ಕೇಳಬೇಕು. ಈ ಮೂರೂ ಬೇರೆಬೇರೆ. ಅಕ್ಷರಗಳು ತೆರೆಯ ಮೇಲೆ ಮೂಡುವ ಬಗೆಯೂ ಪರೀಕ್ಷಾರ್ಹ. ಕನ್ನಡದ ಒತ್ತಕ್ಷರವನ್ನು ಕೂಡಿಸಲರಿಯದ ಸೇವೆಯಲ್ಲಿ “ಉಪ್ಪು” ಎಂಬುದು “ಉಪ್‌ಪು” ಎಂದು ಮುರಿದು ಬೀಳುತ್ತದೆ. ನಮ್ಮ ಸೊಸೆಯ ವಿಡಿಯೋದಲ್ಲಿ ಉಪ್ಪು ಹೀಗೆ ಮುರಿದದ್ದು ಹದಿನಾರು ಸಲ; ನಾನೇ ಎಣಿಸಿದೆ.

ಇನ್ನು ಲೆಕ್ಕ. ಆಕೆ ಕೊಂಡದ್ದು ತಿಂಗಳಿಗೆ 120 ನಿಮಿಷದ ಯೋಜನೆ. 11 ನಿಮಿಷದ ವಿಡಿಯೋಗಳು ಹತ್ತಾದರೂ ಆದಾವೆಂದು ಆಕೆಯ ಎಣಿಕೆ. ಆದರೆ ಆ ಸೇವೆ ಎಣಿಸುತ್ತಿದ್ದುದು ಹೊರಬಂದ ನಿಮಿಷವನ್ನಲ್ಲ, ಒಳಹೋದ ನಿಮಿಷವನ್ನು. ಮೊದಲ ಯತ್ನಕ್ಕೆ 40; ಮೌನದ ಮಟ್ಟವನ್ನು ಬದಲಿಸಿ ಮತ್ತೆ ನಡೆಸಿದುದಕ್ಕೆ 40; ಅದೂ ಸರಿಬಾರದೆ ಮೂರನೆಯ ಸಲ ನಡೆಸಿದುದಕ್ಕೆ ಇನ್ನೂ 40. ತಿಂಗಳು ಹುಟ್ಟಿದ ಮೂರನೆಯ ದಿನಕ್ಕೆ ಯೋಜನೆ ಬರಿದಾಯಿತು, ಉಪ್ಪಿನಕಾಯಿ ಇನ್ನೂ ಮುಗಿದಿರಲಿಲ್ಲ. ಆದುದರಿಂದ ಎಣಿಕೆ ಯಾವ ಕಡೆಯಿಂದ, ಮರುಯತ್ನಕ್ಕೆ ಮತ್ತೆ ಕಡಿತವುಂಟೇ, ಉಳಿದ ನಿಮಿಷಗಳು ಮುಂದಿನ ತಿಂಗಳಿಗೆ ದಾಟುವುವೇ ಎಂಬ ಮೂರನ್ನೂ ಲಿಖಿತರೂಪದಲ್ಲಿ ಕಂಡುಕೊಳ್ಳುವುದು ಲೇಸು. ನಿಮ್ಮ ಮನೆಯ ಇಂಟರ್‌ನೆಟ್ಟಿನ ಲೆಕ್ಕವೂ ಇದರಲ್ಲಿ ಸೇರಿದೆ. ಫೋನಿನ ಸಾಧಾರಣ 1080p ವಿಡಿಯೋ ನಿಮಿಷಕ್ಕೆ 130 ಎಂಬಿಯ ಆಸುಪಾಸು ತೂಗಿದರೆ, 40 ನಿಮಿಷಕ್ಕೆ ಐದು ಜಿಬಿಗೆ ಮಿಗಿಲಾಯಿತು; ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದಲ್ಲಿ ಅದು ಅತ್ತ ತಲಪಲು ಎರಡು ಗಂಟೆ ದಾಟುತ್ತದೆ.

ದರದ ಫಲಕದಲ್ಲಿ ದೊಡ್ಡಕ್ಷರದಲ್ಲಿ ಕಾಣುವ ತಿಂಗಳ ಮೊತ್ತ ಅನೇಕ ವೇಳೆ ಇಡೀ ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದವರಿಗೆ ಮಾತ್ರ ಸಲ್ಲುವಂಥದು. ತಾನಾಗಿ ನವೀಕರಣವಾಗುವ ಪಾವತಿಯಾದರೆ, ಹಣ ಕಡಿತವಾಗುವ 24 ಗಂಟೆ ಮುಂಚೆ ಸೂಚನೆ ಕಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶವನ್ನು ಜಾಹೀರಾತೆಂದು ಅಳಿಸಿಬಿಡಬೇಡಿ, ಮ್ಯಾಂಡೇಟನ್ನು ರದ್ದುಮಾಡುವ ಹಾದಿ ಅಲ್ಲಿಂದಲೇ ದೊರೆಯುತ್ತದೆ.

ಉಳಿದದ್ದು ಹೊರಬರುವ ದಾರಿ. ಸೇವೆಯನ್ನು ಬಿಟ್ಟ ದಿನ ನಿಮ್ಮ ಕೈಗೆ ಸಿಗುವುದೇನು? ಬರೀ ಎಂಪಿ4 ಕಡತವಾದರೆ ಅದು ಅರೆದು ಕಲಸಿದ ಮಸಾಲೆಯಂತೆ. ಸಾಸಿವೆಯನ್ನು ಬೇರೆ ಮಾಡಲಾಗದು. ಅಡಿಬರಹಗಳನ್ನು ಎಸ್‌ಆರ್‌ಟಿ ಕಡತವಾಗಿಯೂ, ಕತ್ತರಿಸಿದ ಕ್ರಮವನ್ನು ಎಕ್ಸ್‌ಎಂಎಲ್ ಕಡತವಾಗಿಯೂ ಕೊಡುವ ಸೇವೆಯಾದರೆ, ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಅದನ್ನು ತೆರೆದು, ಯಂತ್ರ ತಪ್ಪಿದ ಕಡೆ ಕೈಯಿಂದ ಸರಿಪಡಿಸಬಹುದು.

ಇವೆಲ್ಲಕ್ಕೂ ಉತ್ತರ ಪಡೆಯಲು ನಾನು ಸೊಸೆಗೆ ಹೇಳಿದ್ದು ಇಷ್ಟೆ: ಮಾದರಿ ವಿಡಿಯೋಗಳನ್ನು ನೋಡಿ ಬೆರಗಾಗಬೇಡ, ನಿನ್ನದೇ ಮೂರು ನಿಮಿಷ ಆಯ್ದುಕೊ, ಅದರಲ್ಲಿ ಒಂದು ತಗ್ಗಿದ “ಬೇಡ”, ಮಾತಿಲ್ಲದೆ ಕೈ ಮಾತ್ರ ಆಡುವ ಅರ್ಧ ನಿಮಿಷ, ನಾಲ್ಕಾರು ಒತ್ತಕ್ಷರಗಳು ಇರಲಿ, ಉಚಿತ ಅವಧಿಯಲ್ಲಿ ಅದನ್ನೇ ಕಳಿಸಿ ನೋಡು. ಹೀಗೆ ನಾಲ್ಕು ಸೇವೆಗಳನ್ನು ಪರೀಕ್ಷಿಸಿದ್ದಾಯಿತು. ಎರಡರಲ್ಲಿ “ಬೇಡ” ಉಳಿಯಿತು. ಅವುಗಳಲ್ಲಿ ಒಂದರಲ್ಲಿ ಮಾತ್ರ ಉಪ್ಪು ಮುರಿಯಲಿಲ್ಲ. ಭರಣಿ ತುಂಬುವ ಭಾಗವನ್ನು ನಾಲ್ಕರಲ್ಲಿ ಒಂದೂ ಉಳಿಸಿಕೊಡಲಿಲ್ಲವಾಗಿ, ಅದನ್ನು ಆಕೆಯೇ ಒಂದು ಸಂಜೆ ಕೂತು ಜೋಡಿಸಿದಳು.

ಮುಗಿದ ವಿಡಿಯೋವನ್ನು ಹಿರಿಯಾಕೆ ಕಣ್ಣಿಗೆ ಹತ್ತಿರ ಹಿಡಿದು ಕಡೆಯವರೆಗೂ ನೋಡಿದರು. “ಮೂರನೇ ಸಾಲಿಗೆ ಉಪ್ಪು ಒಂದು ಹಿಡಿ ಕಮ್ಮಿ ಬಿದ್ದದೆ” ಎಂದು ಎದ್ದು ಭರಣಿಯ ಬಟ್ಟೆ ಬಿಚ್ಚಲು ಹೋದರು.