ಬಾಗಿಲಿಲ್ಲದ ಕೋಣೆ: ರೋಗ್‌ಲೈಕ್ ನಕ್ಷೆಯ ರಸಿಕರಿಗೊಂದು ಕೈಪಿಡಿ

ರೋಗ್‌ಲೈಕ್ ಆಟಕ್ಕೆ ಹೊಸಬರು ಮೊದಲು ನೋಡುವುದು ರಾಕ್ಷಸರನ್ನು, ಕತ್ತಿಗಳನ್ನು. ಸ್ವಲ್ಪ ಪಳಗಿದವರು ನಕ್ಷೆಯನ್ನು ನೋಡುತ್ತಾರೆ. ಇಲ್ಲಿ ನಕ್ಷೆಯನ್ನು ಯಾರೂ ಕೂತು ಬರೆದಿರುವುದಿಲ್ಲ, ಪ್ರತಿ ಆಟಕ್ಕೂ ಪ್ರೋಗ್ರಾಮು ಹೊಸದಾಗಿ ಹೆಣೆಯುತ್ತದೆ. ಹಾಗೆ ಹೆಣೆದದ್ದರಲ್ಲಿ ಪ್ರತಿ ಕೋಣೆಗೂ ದಾರಿ ಇದೆ ಎಂಬ ಭರವಸೆ ಎಲ್ಲಿಂದ ಬಂತು? ಇದನ್ನು ಕೇಳಿಕೊಳ್ಳಲು ಶುರುಮಾಡಿದ ದಿನದಿಂದ ನಕ್ಷೆ ಬೇರೆಯೇ ರೀತಿ ಕಾಣುತ್ತದೆ.

ಈ ಬಗೆಯ ಆಟಗಳಿಗೆ ಹೆಸರು ಕೊಟ್ಟ, 1980ರ ‘ರೋಗ್’ ಇದನ್ನು ಸಮಸ್ಯೆಯಾಗಲು ಬಿಡಲೇ ಇಲ್ಲ. ಅದು ಪರದೆಯನ್ನು ಮೂರು ಸಾಲು, ಮೂರು ಕಂಬಗಳಾಗಿ ಒಂಬತ್ತು ಚೌಕ ಮಾಡಿ, ಚೌಕಕ್ಕೊಂದು ಕೋಣೆಯ ಜಾಗ ಇಡುತ್ತದೆ. ಆಮೇಲೆ ಒಂದು ಕೋಣೆಯಿಂದ ಹೊರಟು, ಇನ್ನೂ ಸೇರದ ಪಕ್ಕದ ಕೋಣೆಗೆ ಓಣಿ ತೋಡುತ್ತದೆ. ಒಂಬತ್ತೂ ಸೇರುವವರೆಗೆ ಈ ಕೆಲಸ ನಿಲ್ಲುವುದಿಲ್ಲ. ಅದಾದ ಮೇಲೆ ಸೊನ್ನೆಯಿಂದ ನಾಲ್ಕರವರೆಗೆ ಹೆಚ್ಚುವರಿ ಓಣಿಗಳಿಗೂ ಕೈಹಾಕುತ್ತದೆ, ಸುತ್ತು ಹೊಡೆಯಲು ದಾರಿಯಾಗಲಿ ಎಂದು. ಹೀಗೆ ಕಟ್ಟಿದ ನಕ್ಷೆಯನ್ನು ಆಮೇಲೆ ಪರೀಕ್ಷಿಸಬೇಕಾಗಿಲ್ಲ, ಕಟ್ಟುವ ಕ್ರಮದಲ್ಲೇ ಸಂಪರ್ಕ ಅಡಗಿದೆ. ಆದರೆ ಇದಕ್ಕೆ ಬೆಲೆಯೂ ಇದೆ: ನಾಲ್ಕಾರು ಮಹಡಿ ಇಳಿಯುವಷ್ಟರಲ್ಲಿ ಆ ಒಂಬತ್ತು ಚೌಕಗಳ ಚೌಕಟ್ಟು ಕಣ್ಣಿಗೆ ಬೀಳುತ್ತದೆ.

ಚೌಕಟ್ಟು ಬೇಡ, ಕೋಣೆಗಳು ಎಲ್ಲಿ ಬೇಕಾದರೂ ಬೀಳಲಿ, ಓಣಿಗಳು ಸೊಟ್ಟಗೆ ಹೋಗಲಿ ಎಂದು ಹೊರಟವರಿಗೆ ಆ ಭರವಸೆ ಕೈತಪ್ಪುತ್ತದೆ. ಅಂಥವರು ಮೊದಲು ನಕ್ಷೆ ಮಾಡಿ, ಆಮೇಲೆ ಪರೀಕ್ಷಿಸಬೇಕು. ಆ ಪರೀಕ್ಷೆಯನ್ನು ಒಂದು ಪುಟ್ಟ ನಕ್ಷೆಯ ಮೇಲೆ ನೋಡೋಣ. `#` ಗೋಡೆ, `.` ನೆಲ, `@` ಆಟಗಾರ, `>` ಕೆಳಗಿಳಿಯುವ ಮೆಟ್ಟಿಲು.

```
################
#....###...##..#
#.@........##..#
#....###...##.##
######.#########
#..........>####
################
```

ಮೊದಲ ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಈಗ `@` ನಿಂತ ಜಾಗದಿಂದ ಶುರುಮಾಡಿ, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ನೆಲ ಸಿಕ್ಕಲ್ಲೆಲ್ಲ ಗುರುತು ಹಾಕುತ್ತ ಹೋಗಿ. ಗುರುತು ಬಿದ್ದ ಪ್ರತಿ ಮನೆಯಿಂದಲೂ ಹಾಗೆಯೇ ಮುಂದುವರಿಯಿರಿ. ಇದೇ ಫ್ಲಡ್ ಫಿಲ್. ಇನ್ನು ಹರಡಲು ಜಾಗವಿಲ್ಲ ಎಂದು ನಿಂತಾಗ ಎಡಗಡೆಯ ಕೋಣೆ, ನಡುವಿನ ಓಣಿ, ಅದರಾಚೆಯ ಕೋಣೆ ಸೇರಿ 24 ಮನೆಗಳಿಗೆ ಗುರುತು ಬಿದ್ದಿರುತ್ತದೆ. ನಕ್ಷೆಯಲ್ಲಿರುವ ಒಟ್ಟು ನೆಲ 41 ಮನೆ. ಲೆಕ್ಕ ತಾಳೆಯಾಗಲಿಲ್ಲ, 17 ಹೊರಗುಳಿದವು. ಉಳಿದದ್ದರಲ್ಲಿ ಇನ್ನೊಂದು ಮನೆ ಹಿಡಿದು ಮತ್ತೆ ಹರಡಿದರೆ ಅವು ಎರಡು ತುಂಡು ಎಂದು ತಿಳಿಯುತ್ತದೆ: ಕೆಳಗಿನ ಹಜಾರದ 12, ಬಲಗಡೆಯ ಪೊಟರೆಯ 5.

ಕೆಳಗಿನದ್ದು ಗಂಭೀರ, ಮೆಟ್ಟಿಲೇ ಅಲ್ಲಿದೆ. ಹಜಾರದಿಂದ ಮೇಲೆ ಚಾಚಿದ ಆ ಒಂಟಿ ಮನೆಯನ್ನು ನೋಡಿ. ಓಣಿ ತೋಡುವವನು ಕೆಳಗಿನಿಂದ ಹೊರಟು, ಮೇಲಿನ ಓಣಿಗೆ ಒಂದೇ ಒಂದು ಮನೆ ಬಾಕಿಯಿರುವಾಗ ಕೈಬಿಟ್ಟಿದ್ದಾನೆ. ಲೆಕ್ಕ ಒಂದರಿಂದ ಆರಂಭವೋ ಸೊನ್ನೆಯಿಂದಲೋ ಎಂಬ ಗೊಂದಲದಲ್ಲಿ ಹುಟ್ಟುವ ತಪ್ಪು ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಆ ಒಂದು ಗೋಡೆ ತೆಗೆದರೆ ಹಜಾರ ಸೇರಿತು. ಬಲಗಡೆಯ ಪೊಟರೆಗೆ ಎರಡು ಗೋಡೆ ತೋಡಬೇಕು, ಇಲ್ಲವೇ ಅದನ್ನು ಗೋಡೆಯಿಂದ ಮುಚ್ಚಿಬಿಡಬಹುದು. ಐದು ಮನೆಯ ಪೊಟರೆಗಾದರೆ ನಾನು ಮುಚ್ಚುವ ಪಕ್ಷ. ಅಷ್ಟು ಸಣ್ಣದಕ್ಕೆ ಕೊರೆದ ಓಣಿ ಆಟಗಾರನನ್ನು ಸುಮ್ಮನೆ ಓಡಾಡಿಸುತ್ತದೆ. ಇಡೀ ನಕ್ಷೆಯನ್ನೇ ಎಸೆದು ಹೊಸದು ಮಾಡುವವರೂ ಇದ್ದಾರೆ. ನೂರಕ್ಕೆ ಒಂದೆರಡು ಕೆಟ್ಟರೆ ಅದು ಸರಿ. ಅರ್ಧಕ್ಕರ್ಧ ಕೆಡುತ್ತಿದ್ದರೆ ಪರೀಕ್ಷೆ ಕಸ ಗುಡಿಸುತ್ತಿದೆ ಎಂದರ್ಥ, ಹೆಣೆಯುವ ಕೈಯನ್ನೇ ತಿದ್ದಬೇಕು.

ಪರೀಕ್ಷೆಯೂ ಸುಳ್ಳು ಹೇಳಬಹುದು. ಆಟಗಾರ ಓರೆಯಾಗಿ ನಡೆಯಲಾರದ ಆಟದಲ್ಲಿ ಫ್ಲಡ್ ಫಿಲ್ ಎಂಟು ದಿಕ್ಕಿಗೂ ಹರಡಿದರೆ, ಮೂಲೆಗೆ ಮೂಲೆ ತಾಗಿದ ಎರಡು ಕೋಣೆಗಳು ಸೇರಿವೆ ಎಂದೇ ಬರುತ್ತದೆ. ಆಡುವವನಿಗೆ ಮಾತ್ರ ಗೋಡೆ. ಬೀಗ ಹಾಕಿದ ಬಾಗಿಲನ್ನು ನೆಲವೆಂದು ಎಣಿಸಿದ್ದು, ಅದರ ಕೀಲಿ ಆ ಬಾಗಿಲ ಹಿಂದೆಯೇ ಬಿದ್ದಿದ್ದರೂ ಇದೇ ಕಥೆ.

ಇಷ್ಟು ತಿಳಿದ ಮೇಲೆ ‘ನೆಟ್‌ಹ್ಯಾಕ್’ ಆಡಿ ನೋಡಿ. ಮಹಡಿಯೆಲ್ಲ ಸುತ್ತಿದರೂ ಪರದೆಯ ಒಂದು ಪಕ್ಕ ಕಪ್ಪಾಗಿಯೇ ಉಳಿದಿದೆ, ಮೆಟ್ಟಿಲು ಸಿಕ್ಕಿಲ್ಲ. ಹೊಸಬರು ಆಟ ಕೆಟ್ಟಿದೆ ಎನ್ನುತ್ತಾರೆ. ಹಳಬರು ಗೋಡೆ ಪಕ್ಕ ನಿಂತು `s` ಒತ್ತುತ್ತಾರೆ, ಗುಪ್ತ ಬಾಗಿಲು, ಗುಪ್ತ ಓಣಿ ಹುಡುಕಲು. ಹೆಚ್ಚಿನ ಸಲ ಹಳಬರದ್ದೇ ಸರಿ, ಆದರೆ ಪ್ರತಿ ಸಲವೂ ಅಲ್ಲ. 3.4.3 ಆವೃತ್ತಿಯ ಮೂಲ ಕೋಡ್ ನೋಡಿದರೆ ಕಾರಣ ಸಿಗುತ್ತದೆ. ಎಡದಿಂದ ಬಲಕ್ಕೆ ಜೋಡಿಸಿದ ಕೋಣೆಗಳಲ್ಲಿ ಮೊದಲು ಅಕ್ಕಪಕ್ಕದವನ್ನು ಸೇರಿಸುತ್ತದೆ, ಆಮೇಲೆ ಒಂದು ಬಿಟ್ಟು ಒಂದನ್ನು, ಕೊನೆಗೆ ಇನ್ನೂ ಬಿಡಿಯಾಗಿ ಕಾಣುವವನ್ನೆಲ್ಲ. ಯಾವ ಕೋಣೆ ಯಾವ ಗುಂಪಿನದು ಎಂಬುದನ್ನು `smeq` ಎಂಬ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಪಟ್ಟಿ ಪೂರ್ತಿ ನಿಖರವಲ್ಲ: ಎರಡು ಗುಂಪು ಸೇರಿದಾಗ ಗುಂಪಿನ ಎಲ್ಲರ ಗುರುತನ್ನೂ ತಿದ್ದದೆ, ತುದಿಯ ಒಂದು ಕೋಣೆಯದನ್ನು ಮಾತ್ರ ತಿದ್ದುತ್ತದೆ. ಆದರೆ ಈ ತಪ್ಪಿನಿಂದ ಹಾನಿಯಿಲ್ಲ, ಈಗಾಗಲೇ ಸೇರಿದವನ್ನು ಬಿಡಿ ಎಂದುಕೊಂಡು ಇನ್ನೊಂದು ಓಣಿ ತೋಡುತ್ತದೆ ಅಷ್ಟೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ತೋಡುತ್ತ ಹೋದ ಓಣಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಪ್ರೋಗ್ರಾಮು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತದೆ. ಕೊನೆಯ ಸುತ್ತಿನಲ್ಲೂ ಹಾಗಾದರೆ ಆ ಪಟ್ಟಿಯನ್ನು ತೆಗೆದು ಇನ್ನೊಮ್ಮೆ ನೋಡುವ ಸಾಲು ಕೋಡ್‌ನಲ್ಲಿ ಇಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾಗಿ, ಬೇಕೆಂದೇ ದಾರಿಯಿಲ್ಲದೆ ಮಾಡಿದ ಕೋಣೆಯೂ ಅದೇ ಆಟದಲ್ಲಿದೆ. ಎರಡು ಮನೆ ಅಗಲ, ಎರಡು ಮನೆ ಉದ್ದದ ಖಜಾನೆ. ಒಳಗೆ ಚಿನ್ನ, ಬಾಗಿಲಿಲ್ಲ. ಗುದ್ದಲಿಯಿಂದ ಅಗೆದೋ ಮಾಯಾಶಕ್ತಿಯಿಂದ ಹಾರಿಯೋ ಒಳಗೆ ಹೋಗಬೇಕು. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಕಾವಲುಗಾರ ಬಂದು ಹೆಸರು ಕೇಳುತ್ತಾನೆ. ಹಾಗಾಗಿ ಸಂಪರ್ಕದ ಪರೀಕ್ಷೆ ಬರೆಯುವವರು ‘ಎಲ್ಲ ನೆಲವೂ ಸೇರಿರಬೇಕು’ ಎಂದು ಕುರುಡಾಗಿ ಬರೆದರೆ ಖಜಾನೆಗೂ ಬಾಗಿಲು ಬೀಳುತ್ತದೆ. ಇಲ್ಲಿ ಕೇಳಬೇಕಾದ್ದು ಬೇರೆ: ಕೈಯಲ್ಲಿ ಏನೂ ಇಲ್ಲದವನು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಹೋಗಬಲ್ಲನೇ? ‘ಸ್ಪೆಲಂಕಿ’ ಈ ಪ್ರಶ್ನೆಯನ್ನೇ ಹಿಡಿಯಿತು. ನಾಲ್ಕು ಸಾಲು, ನಾಲ್ಕು ಕಂಬದ ಚೌಕಗಳಲ್ಲಿ ಮೇಲಿನಿಂದ ಕೆಳಗೆ ಒಂದು ದಾರಿಯನ್ನು ಮೊದಲೇ ನಿಗದಿ ಮಾಡುತ್ತದೆ. ಉಳಿದ ಚೌಕಗಳು ಮುಚ್ಚಿದ್ದರೂ ಚಿಂತೆಯಿಲ್ಲ, ಆಟಗಾರನ ಬಳಿ ಬಾಂಬ್ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕುಸುರಿ ‘ಬ್ರೋಗ್’ನದು. ಅದು ಇರುವ ಕೋಣೆಯ ಗೋಡೆಗೇ ಹೊಸ ಕೋಣೆ ಅಂಟಿಸುತ್ತ ಬೆಳೆಯುವುದರಿಂದ ಕೋಣೆ ಬಿಡಿಯಾಗುವ ಪ್ರಶ್ನೆಯೇ ಇಲ್ಲ. ಅಪಾಯ ಬರುವುದು ಆಮೇಲೆ, ಕೆರೆ ತುಂಬಿಸುವಾಗ. ಆಳದ ನೀರು, ಲಾವಾ, ಪ್ರಪಾತ ಯಾವುದು ಬಿದ್ದರೂ ಸೇರಿದ್ದ ನಕ್ಷೆ ಎರಡಾಗಬಹುದು. ಆದ್ದರಿಂದ ಕೆರೆಯ ಆಕಾರವನ್ನು ಒಂದು ಜಾಗದಲ್ಲಿಟ್ಟು, ಅದರ ಕೆಳಗಿನ ನೆಲವನ್ನೆಲ್ಲ ಮುಚ್ಚಿದಂತೆ ಎಣಿಸಿ, ಉಳಿದ ನೆಲ ಇನ್ನೂ ಒಂದೇ ತುಂಡೇ ಎಂದು ನೋಡುತ್ತದೆ. ತುಂಡಾದರೆ ಆ ಜಾಗ ಬಿಟ್ಟು ಬೇರೆ ಕಡೆ ಇಟ್ಟು ನೋಡುತ್ತದೆ. ಆಡುವಾಗ ದೊಡ್ಡ ಕೆರೆಯ ದಂಡೆಯಲ್ಲಿ ನಿಂತರೆ ಬೇರೊಂದು ಕಡೆಯಿಂದ ಎದುರು ದಡಕ್ಕೆ ಒಣ ನೆಲದಲ್ಲೇ ದಾರಿ ಸಿಗುತ್ತದೆ. ಸುತ್ತಿಕೊಂಡು ಹೋಗಿ ಅದನ್ನು ಹುಡುಕಿ.