ಕಡತದ ಕ್ರಮ, ಕಣ್ಣಿನ ಕ್ರಮ: ಅರಬ್ಬಿ ಮಿಶ್ರಪಠ್ಯದ ಅನುವಾದದಲ್ಲಿ ಪದಕ್ರಮದ ಪ್ರಶ್ನೆ

ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಆದರೆ ಅದೇ ಸಾಲಿನೊಳಗಿನ ಸಂಖ್ಯೆಯಲ್ಲಿ ಹಿರಿಯ ಸ್ಥಾನದ ಅಂಕಿ ಎಡಗಡೆಗೇ ಇರುತ್ತದೆ. ಇಂಗ್ಲಿಷ್ ಪದವೂ ಎಡದಿಂದ ಬಲಕ್ಕೆ ಸಾಗುತ್ತದೆ. ಇಂತಹ ಮಿಶ್ರಪಠ್ಯವನ್ನು ಅನುವಾದಿಸುವವರಿಗೆ ‘ಪದಕ್ರಮವನ್ನು ಕೆಡಿಸಬೇಡಿ’ ಎಂದು ಹೇಳುವುದು ವಾಡಿಕೆ. ಈ ಸೂಚನೆಯಲ್ಲಿರುವ ತೊಡಕೆಂದರೆ, ಇಲ್ಲಿ ಕ್ರಮಗಳು ಎರಡಿವೆ. ಅಕ್ಷರಗಳು ಓದುವ ಸರಣಿಯಲ್ಲಿ ಕಡತದೊಳಗೆ ಕುಳಿತಿರುವ ಬಗೆ ಒಂದು. ಇದನ್ನು ಸಂಗ್ರಹಕ್ರಮ ಎನ್ನೋಣ. ಅವು ತೆರೆಯ ಮೇಲೆ ಎಡಬಲವಾಗಿ ಹರಡಿಕೊಳ್ಳುವ ಬಗೆ ಇನ್ನೊಂದು; ಇದು ದೃಶ್ಯಕ್ರಮ. ಮೊದಲನೆಯದರಿಂದ ಎರಡನೆಯದನ್ನು ಪಡೆಯುವ ವಿಧಾನವನ್ನು ಯೂನಿಕೋಡ್‌ನ ದ್ವಿಮುಖ ಪಠ್ಯ ನಿಯಮಾವಳಿ (UAX #9) ನಿರೂಪಿಸುತ್ತದೆ. ಅದನ್ನು ತಾಂತ್ರಿಕ ದಾಖಲೆ ಎಂದಷ್ಟೇ ಕಾಣದೆ, ಬರಹದ ಭಾಷೆಯ ಬಗೆಗಿನ ಒಂದು ಪ್ರತಿಪಾದನೆ ಎಂದು ಓದುವುದು ಈ ಲೇಖನದ ಉದ್ದೇಶ. ಸಂಖ್ಯೆಗಳ ಜೋಡಣೆಯನ್ನು ನಿರ್ಧರಿಸುವಾಗ ಆ ನಿಯಮಾವಳಿ ಪದಪುಂಜದ ರಚನೆಯನ್ನು ನೋಡುವುದಿಲ್ಲ, ನೆರೆಯ ಅಕ್ಷರವನ್ನು ನೋಡುತ್ತದೆ. ಅನುವಾದವಾದರೋ ನೆರೆಯನ್ನೇ ಬದಲಿಸುವ ಕೆಲಸ. ಕ್ರಮಭಂಗದ ಮೂಲ ಇಲ್ಲಿದೆ.

ನಿಯಮಾವಳಿಯು ಅಕ್ಷರಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡುತ್ತದೆ. ಲಿಪಿಯ ಅಕ್ಷರಗಳು ಪ್ರಬಲ. ಅವುಗಳಿಗೆ ಸ್ವಂತ ದಿಕ್ಕಿದೆ. ಅಂಕಿಗಳೂ ಅವುಗಳ ನಡುವಿನ ಕೆಲವು ಚಿಹ್ನೆಗಳೂ ದುರ್ಬಲ. ತೆರಪು ಮತ್ತು ಉಳಿದ ಹಲವು ಚಿಹ್ನೆಗಳು ತಟಸ್ಥ. ಅವು ಅಕ್ಕಪಕ್ಕದವುಗಳಿಂದ ದಿಕ್ಕನ್ನು ಪಡೆಯುತ್ತವೆ. ನಮ್ಮ ಚರ್ಚೆಗೆ ಮುಖ್ಯವಾದ ನಿಯಮವೊಂದಿದೆ: 0ಯಿಂದ 9ರವರೆಗಿನ ಅಂಕಿಗಳ ಹಿಂದಿನ ಕೊನೆಯ ಪ್ರಬಲ ಅಕ್ಷರ ಅರಬ್ಬಿಯದಾದರೆ, ಆ ಅಂಕಿಗಳನ್ನು ಅರಬ್ಬಿ ಸಂಖ್ಯೆಯೆಂದು ಎಣಿಸಲಾಗುತ್ತದೆ, ಲ್ಯಾಟಿನ್ ಅಕ್ಷರವಾದರೆ ಅವು ಆ ಲ್ಯಾಟಿನ್ ಸಾಲಿನ ಭಾಗವಾಗುತ್ತವೆ.

ಇದರ ಪರಿಣಾಮವನ್ನು ಒಂದು ನಿದರ್ಶನದಲ್ಲಿ ಕಾಣಬಹುದು. ವೈದ್ಯಕೀಯ ಕರಪತ್ರವೊಂದು ಅರಬ್ಬಿಗೆ ಅನುವಾದವಾಗುತ್ತಿದೆ ಎಂದು ಭಾವಿಸೋಣ. ಮೊದಲ ಕರಡಿನಲ್ಲಿ ಅನುವಾದಕರು ರಕ್ತದೊತ್ತಡದ ಇಂಗ್ಲಿಷ್ ಸಂಕ್ಷೇಪವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಪರಿಷ್ಕರಣೆಯಲ್ಲಿ ಅದರ ಬದಲಿಗೆ ‘ದಗ್ತ್ ಅದ್ದಮ್’ ಎಂಬ ಅರಬ್ಬಿ ಪದಪುಂಜ ಬರುತ್ತದೆ. ಸಂಗ್ರಹಕ್ರಮದಲ್ಲಿ ಮೊದಲು ಹೆಸರು, ಬಳಿಕ 120, ಓರೆಗೆರೆ, 80. ಎರಡು ಪಾಠಗಳು ಹೀಗಿವೆ:

```
BP 120 / 80
```

```
ضغط الدم 120 / 80
```

ಮೊದಲ ಪಾಠದಲ್ಲಿ ಅಂಕಿಗಳ ಹಿಂದೆ ಲ್ಯಾಟಿನ್ ಅಕ್ಷರವಿದೆ. ಆದ್ದರಿಂದ ಸುತ್ತಲಿನ ವಾಕ್ಯ ಅರಬ್ಬಿಯದಾದರೂ ಹೆಸರು, ಅಂಕಿ, ಗೆರೆ ಎಲ್ಲವೂ ಎಡದಿಂದ ಬಲಕ್ಕೆ ಹರಿದು, 120 ಎಡಕ್ಕೂ 80 ಬಲಕ್ಕೂ ನಿಲ್ಲುತ್ತವೆ. ಎರಡನೆಯ ಪಾಠದಲ್ಲಿ ಅಂಕಿಗಳ ಹಿಂದಿರುವುದು ಅರಬ್ಬಿ ಅಕ್ಷರ. ತೆರಪುಗಳಿಂದ ಬೇರ್ಪಟ್ಟ ಓರೆಗೆರೆ ಇಲ್ಲಿ ತಟಸ್ಥವಾಗಿ, ಬಲದಿಂದ ಎಡದ ದಿಕ್ಕನ್ನು ತಳೆಯುತ್ತದೆ. ಪರಿಣಾಮವಾಗಿ 120 ಬಲಕ್ಕೂ 80 ಎಡಕ್ಕೂ ಬೀಳುತ್ತವೆ. ಅನುವಾದಕರು ಅಂಕಿಗಳನ್ನು ಮುಟ್ಟಿಯೇ ಇಲ್ಲ. ಹೆಸರನ್ನು ಮಾತ್ರ ಬದಲಿಸಿದ್ದಾರೆ. ಆದರೂ ಅಂಕಿಗಳು ಸ್ಥಾನಪಲ್ಲಟಗೊಂಡಿವೆ.

ತೆರಪುಗಳನ್ನು ತೆಗೆದು 120/80 ಎಂದು ಬರೆದರೆ ಈ ಪಲ್ಲಟ ಆಗುವುದಿಲ್ಲ. ಎರಡು ಸಂಖ್ಯೆಗಳ ನಡುವೆ ಅಂಟಿಕೊಂಡಿರುವ ಒಂದೇ ಓರೆಗೆರೆಯನ್ನು ನಿಯಮಾವಳಿ ಸಂಖ್ಯೆಯ ಅಂಗವೆಂದೇ ಪರಿಗಣಿಸುತ್ತದೆ. ಕಿರುಗೆರೆಗೆ ಅರಬ್ಬಿ ಸಂದರ್ಭದಲ್ಲಿ ಈ ಸವಲತ್ತಿಲ್ಲ. ಅರಬ್ಬಿ ಪದದ ನಂತರ ಬಂದ 2024-05-12 ಎಂಬ ದಿನಾಂಕ ತೆರೆಯ ಮೇಲೆ ಎಡದಿಂದ 12-05-2024 ಎಂದು ತೋರುತ್ತದೆ. ಕನ್ನಡ ಅಂಕಿಗಳ ವರ್ತನೆ ಇನ್ನೂ ವಿಚಿತ್ರ. ಯೂನಿಕೋಡ್ ಅವುಗಳನ್ನು ದುರ್ಬಲ ಗುಂಪಿಗೆ ಸೇರಿಸದೆ, ಕನ್ನಡದ ಅಕ್ಷರಗಳಂತೆಯೇ ಪ್ರಬಲವೆಂದು ಗುರುತಿಸಿದೆ. ಹೀಗಾಗಿ ಅದೇ ಅರಬ್ಬಿ ವಾಕ್ಯದಲ್ಲಿ ‘೧೨೦ / ೮೦’ ಎಂದು ಬರೆದರೆ ತೆರಪುಗಳಿದ್ದರೂ ಕ್ರಮ ಪಲ್ಲಟಗೊಳ್ಳದು. ಅರ್ಥ ಒಂದೇ, ರಚನೆ ಒಂದೇ, ದೃಶ್ಯಕ್ರಮ ಮಾತ್ರ ಬೇರೆ. ನಿಯಮಾವಳಿ ನೋಡುತ್ತಿರುವುದು ಸಂಖ್ಯೆ ಎಂಬ ವ್ಯಾಕರಣವರ್ಗವನ್ನಲ್ಲ, ಅಕ್ಷರಕ್ಕೆ ಹಚ್ಚಿದ ಗುರುತನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ನಿಜವಾದ ಹಾನಿ ಆಗುವುದು ಮುಂದಿನ ಹಂತದಲ್ಲಿ. ತೆರೆಯ ಮೇಲಿನ ಪಲ್ಲಟವನ್ನು ಕಂಡ ಪರಿಷ್ಕಾರಕರು ಅಂಕಿಗಳನ್ನು ಅದಲುಬದಲು ಮಾಡಿ ‘ಸರಿಪಡಿಸುತ್ತಾರೆ’. ಕಣ್ಣಿಗೆ ಈಗ ಎಲ್ಲ ಸರಿ. ಕಡತದಲ್ಲಿ ಮಾತ್ರ 80 ಮೊದಲು, 120 ಅನಂತರ. ದೃಷ್ಟಿಹೀನರಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಹುಡುಕಾಟ, ಇದೇ ಅರಬ್ಬಿ ಪಾಠದಿಂದ ಮತ್ತೊಂದು ಭಾಷೆಗೆ ಆಗುವ ಅನುವಾದ, ಇವೆಲ್ಲ ಸಂಗ್ರಹಕ್ರಮವನ್ನೇ ಅನುಸರಿಸುವುದರಿಂದ ತಪ್ಪು ಅಲ್ಲಿಗೆ ಹರಡುತ್ತದೆ. ಅನುವಾದದ ಮೌಲ್ಯಮಾಪನವೂ ಇದನ್ನು ಹಿಡಿಯಲಾರದು. ಪದಸರಣಿಗಳ ಹೊಂದಿಕೆಯನ್ನು ಎಣಿಸುವ ಯಾಂತ್ರಿಕ ಅಂಕಗಳು ಕಡತವನ್ನಷ್ಟೇ ಕಾಣುತ್ತವೆ, ಓದುಗ ಪರೀಕ್ಷಕರು ತೆರೆಯನ್ನಷ್ಟೇ. ಇಬ್ಬರೂ ಒಂದೇ ಪಠ್ಯವನ್ನು ಅಳೆಯುತ್ತಿದ್ದೇವೆಂದು ನಂಬಿರುತ್ತಾರೆ. ದೋಷವನ್ನು ಪತ್ತೆ ಹಚ್ಚಲು ಎರಡನ್ನೂ ನೋಡಬೇಕು: ಅಕ್ಷರಗಳನ್ನು ಸಂಕೇತಸಂಖ್ಯೆಗಳ ಪಟ್ಟಿಯಾಗಿ ಬಿಡಿಸಿ ಮೂಲದ ಅಂಕಿಸರಣಿಯೊಡನೆ ಹೋಲಿಸಬೇಕು, ಬಳಿಕ, ಓದುಗರು ಕಾಣುವ ಪುಟದಲ್ಲೇ ಅದರ ತೋರಿಕೆಯನ್ನು ಪರಿಶೀಲಿಸಬೇಕು.

ಸರಿಯಾದ ಪರಿಹಾರ ಅಕ್ಷರಗಳನ್ನು ಸರಿಸುವುದಲ್ಲ, ಪದಪುಂಜದ ಗಡಿಯನ್ನು ಗುರುತಿಸುವುದು. 2013ರ ಯೂನಿಕೋಡ್ 6.3ನೆಯ ಆವೃತ್ತಿ ಇದಕ್ಕೆಂದೇ ಪ್ರತ್ಯೇಕಕ ಚಿಹ್ನೆಗಳನ್ನು ಸೇರಿಸಿತು. U+2066 ಮತ್ತು U+2069 ಎಂಬ ಕಾಣದ ಚಿಹ್ನೆಗಳ ನಡುವಿಟ್ಟ ಪಠ್ಯ ಒಳಗೆ ಎಡದಿಂದ ಬಲಕ್ಕೆ ಸಾಗುತ್ತದೆ, ಹೊರಗಿನ ವಾಕ್ಯಕ್ಕೆ ಒಂದೇ ತಟಸ್ಥ ಘಟಕವಾಗಿ ತೋರುತ್ತದೆ. ಹಿಂದಿನ ಹುದುಗಿಸುವ ಚಿಹ್ನೆಗಳು ಸುತ್ತಲಿನ ಅಕ್ಷರಗಳ ಮೇಲೂ ಪ್ರಭಾವ ಬೀರುತ್ತಿದ್ದವು. ಇವು ಹಾಗೆ ಮಾಡವು. ಜಾಲಪುಟದಲ್ಲಿ ಇದೇ ಕೆಲಸವನ್ನು ಹೀಗೆ ಮಾಡಬಹುದು:

```
<bdi dir="ltr">120 / 80</bdi>
```

ಭಾಷಾವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಇದು ಅಂಗರಚನೆಯನ್ನು ತೋರಿಸುವ ಆವರಣವೇ ಸರಿ. ವ್ಯಾಕರಣವನ್ನು ಅರಿಯದ ನಿಯಮಾವಳಿಯನ್ನು ಅದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಬರಿಯ ಅಕ್ಷರಮಾಲೆಯಿಂದ ಅದು ಊಹಿಸಬಲ್ಲದ್ದು ಅಷ್ಟೇ. ಊಹೆಗೆ ಬಿಟ್ಟ ಗಡಿಯನ್ನು ಹೇಳಿಕೊಡಬೇಕಾದದ್ದು ಅನುವಾದಕರು.

ಆದರೆ ಎಲ್ಲ ಸಂಖ್ಯಾಜೋಡಿಗಳಿಗೂ ಈ ಆವರಣವನ್ನು ತೊಡಿಸುವುದು ಇನ್ನೊಂದು ತಪ್ಪು. ರಕ್ತದೊತ್ತಡ, ದೂರವಾಣಿ ಸಂಖ್ಯೆ, ದಿನಾಂಕಸಂಕೇತ ಇವು ಒಡೆಯಲಾಗದ ಒಂದೇ ರೂಪಗಳು. ‘10-20’ ಎಂಬ ವ್ಯಾಪ್ತಿ ಹಾಗಲ್ಲ. ಅಲ್ಲಿ ಎರಡು ಅಂಗಗಳೂ ‘ಇಂದ, ವರೆಗೆ’ ಎಂಬ ಸಂಬಂಧವೂ ಇವೆ. ಅರಬ್ಬಿ ಪದದ ನಂತರ ಅದು ಬಲದಲ್ಲಿ 10, ಎಡದಲ್ಲಿ 20 ಎಂದು ನಿಂತರೆ ಬಲದಿಂದ ಓದುವವರಿಗೆ ಅದು ಸಹಜ. ಬಲವಂತವಾಗಿ ಎಡದಿಂದ ಬಲಕ್ಕೆ ತಿರುಗಿಸಿದರೆ ಗೊಂದಲವೇ ಹೆಚ್ಚು. ಇಲ್ಲಿ ಉತ್ತಮ ಅನುವಾದವೆಂದರೆ ಕಿರುಗೆರೆಯನ್ನು ಬಿಟ್ಟು, ಸಂಬಂಧವನ್ನು ‘ಮಿನ್’ ಮತ್ತು ‘ಇಲಾ’ ಎಂಬ ಅರಬ್ಬಿ ಪದಗಳಲ್ಲೇ ಬರೆಯುವುದು:

```
من 10 إلى 20
```

ಆಗ ಪ್ರತಿ ಸಂಖ್ಯೆಯ ಹಿಂದೆಯೂ ಒಂದು ಅರಬ್ಬಿ ಪದ ಇದ್ದೇ ಇರುತ್ತದೆ. ವಾಕ್ಯದಲ್ಲಿ ಅದಕ್ಕೂ ಮೊದಲು ಔಷಧದ ಇಂಗ್ಲಿಷ್ ಹೆಸರೇ ಬಂದಿದ್ದರೂ ಕ್ರಮ ಕದಲದು. ಆದಕಾರಣ ಪ್ರತಿ ಸಂಖ್ಯಾಜೋಡಿಯ ಮುಂದೆಯೂ ಅನುವಾದಕರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಅಂಕಿ ಎಡಕ್ಕೆ, ಯಾವುದು ಬಲಕ್ಕೆ ಎಂದಲ್ಲ. ಇದು ಒಂದು ಘಟಕವೋ ಎರಡೋ ಎಂದು. ಆ ಪ್ರಶ್ನೆಗೆ ಉತ್ತರ ವಾಕ್ಯದ ಅರ್ಥದಲ್ಲಿದೆಯೇ ಹೊರತು ತೆರೆಯ ಮೇಲೆ ಇಲ್ಲ.