ಒಂದು ಡಾಲರ್ ಏರಿಸುವ 5 ಪೈಸೆ

ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಮಾರುವ ಆನ್‌ಲೈನ್ ಅಂಗಡಿಗೆ ಅಮೆರಿಕದ ಗಿರಾಕಿ ಬಂದರೆ ಬೆಲೆ ಡಾಲರಿನಲ್ಲಿ ಕಾಣಬೇಕು. ಇದಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿ ಸುಲಭದ್ದು: ರೂಪಾಯಿ ಬೆಲೆಯನ್ನು ವಿನಿಮಯ ದರದಿಂದ ಭಾಗಿಸುವುದು, ಬಂದದ್ದನ್ನು ಮೇಲಿನ .99ಕ್ಕೆ ಏರಿಸುವುದು, ಗಂಟೆಗೊಮ್ಮೆ ಇದನ್ನೇ ಮತ್ತೆ ಮಾಡುವುದು. ಒಂದೊಂದಾಗಿ ನೋಡಿದರೆ ಮೂರೂ ಸರಿ. ಒಟ್ಟಿಗೆ ಸೇರಿದಾಗ ಎಡವಟ್ಟು ಶುರು.

6,499 ರೂಪಾಯಿಯ ಸೀರೆ ತೆಗೆದುಕೊಳ್ಳಿ. ಡಾಲರಿಗೆ 84.45 ರೂಪಾಯಿ ಇದ್ದಾಗ ಲೆಕ್ಕ 76.96 ಬರುತ್ತದೆ, ಅಂಗಡಿ 76.99 ತೋರಿಸುತ್ತದೆ. ದರ 84.40ಕ್ಕೆ ಇಳಿದರೆ ಲೆಕ್ಕ 77 ದಾಟುತ್ತದೆ, ಬೆಲೆ 77.99ಕ್ಕೆ ಜಿಗಿಯುತ್ತದೆ. 5 ಪೈಸೆಯ ಅಲುಗಾಟಕ್ಕೆ ಇಡೀ ಒಂದು ಡಾಲರ್! ಬೆಳಿಗ್ಗೆ ನೋಡಿಟ್ಟ ಸೀರೆ ಸಂಜೆಗೆ ತುಟ್ಟಿಯಾದರೆ, ಗಿರಾಕಿಗೆ ಅಂಗಡಿಯ ಮೇಲೆಯೇ ಅನುಮಾನ.

ಅಗ್ಗದ ಸರಕಿಗೆ ಇದೇ ನಿಯಮ ಇನ್ನೂ ದುಬಾರಿ. 299 ರೂಪಾಯಿಯ ಗೊಂಬೆ, 85ರ ದರದಲ್ಲಿ, 3.52 ಡಾಲರ್. ಅದನ್ನು 3.99 ಮಾಡಿದರೆ ಶೇ 13ರಷ್ಟು ಏರಿಕೆ. ಸೀರೆಯ ಮೇಲೆ ಬೀಳುವುದು ಶೇ 1ರ ಆಸುಪಾಸು. ಹತ್ತು ಡಾಲರಿನೊಳಗಿನ ಸರಕಿಗೆ .49, .99 ಎರಡನ್ನೂ ಇಟ್ಟು, ಹತ್ತಿರದ್ದಕ್ಕೆ ಹೊಂದಿಸಿದರೆ ಬೆಲೆ 3.49 ಆಗುತ್ತದೆ, ನಷ್ಟ ಶೇ 1ಕ್ಕಿಂತ ಕಡಿಮೆ. ಯೆನ್‌ನಲ್ಲಂತೂ ದಶಾಂಶವೇ ಇಲ್ಲ, .99 ಅಲ್ಲಿ ಅರ್ಥಹೀನ. ಹಾಗಾಗಿ ಈ ನಿಯಮವನ್ನು ಪ್ರತಿ ಕರೆನ್ಸಿಗೂ ಬೇರೆಯಾಗಿಯೇ ಬರೆಯಬೇಕು.

ಹೊಂದಿಸುವುದು ಎಲ್ಲಿ ಎಂಬುದೂ ಮುಖ್ಯ. ಮೇಲಿನ .99ಕ್ಕೆ ಏರಿಸುವ ನಿಯಮದಲ್ಲೇ ಮೂರು ಗೊಂಬೆಗೆ ಬಿಡಿಯಾಗಿ 3.99ರಂತೆ 11.97 ಆಗುತ್ತದೆ. ಒಟ್ಟು 897 ರೂಪಾಯಿಯನ್ನು ಕೊನೆಯಲ್ಲಿ ಪರಿವರ್ತಿಸುವ ಕಾರ್ಟ್ 10.99 ತೋರಿಸುತ್ತದೆ. ಒಂದೇ ಪುಟದಲ್ಲಿ ಎರಡು ಲೆಕ್ಕ! ಬಿಡಿ ಬೆಲೆಯನ್ನು ಒಮ್ಮೆ ಹೊಂದಿಸಿ, ಮೊತ್ತವನ್ನು ಅದರಿಂದಲೇ ಕೂಡಿಸುವುದು ಸರಿಯಾದ ಕ್ರಮ.

ಇನ್ನು ಗಂಟೆಗೊಮ್ಮೆ ದರ ತರುವ ಉಮೇದು. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರವನ್ನು ನೆಚ್ಚಿದ ಅಂಗಡಿಗೆ ಇದರಿಂದ ಏನೂ ಸಿಗದು. ಆ ದರ ಪ್ರಕಟವಾಗುವುದೇ ಕೆಲಸದ ದಿನಗಳಲ್ಲಿ, ದಿನಕ್ಕೊಮ್ಮೆ. ದರ ತರುವುದು ಬೇರೆ, ಬೆಲೆ ಬದಲಿಸುವುದು ಬೇರೆ. ದರವನ್ನು ದಿನವೂ ತನ್ನಿ. ಬೆಲೆ ಕಟ್ಟಿದ ದಿನದ ದರಕ್ಕಿಂತ ಅದು ಶೇ 2ರಷ್ಟು ಸರಿದಾಗ ಮಾತ್ರ ಬೆಲೆ ಮುಟ್ಟಿ. 84.45ರಲ್ಲಿ ಕಟ್ಟಿದ ಸೀರೆಯ ಬೆಲೆ, ದರ ಸುಮಾರು 82.76ಕ್ಕೆ ಇಳಿಯುವವರೆಗೆ ಅಥವಾ 86.14ಕ್ಕೆ ಏರುವವರೆಗೆ ಅಲುಗಾಡುವುದಿಲ್ಲ. ಅಷ್ಟರ ಏರಿಳಿತವನ್ನು ಅಂಗಡಿಯ ಲಾಭಾಂಶವೇ ಹೊರಬೇಕು. ಲಾಭ ತೀರಾ ತೆಳುವಾಗಿದ್ದರೆ ಮಿತಿ ಶೇ 1ಕ್ಕೆ ಇಳಿಯಬಹುದು, ಅಷ್ಟೆ. ಆರ್ಡರ್ ಆದ ಕ್ಷಣದ ಡಾಲರ್ ಮೊತ್ತವನ್ನೂ ದರವನ್ನೂ ಆರ್ಡರಿನ ಜೊತೆಗೇ ಬರೆದಿಡಬೇಕು. ಇಲ್ಲವಾದರೆ ಸೀರೆ ವಾಪಸು ಬಂದ ದಿನ 76.99 ಕೊಟ್ಟವರಿಗೆ ಬೇರೆಯದೇ ಮೊತ್ತ ಮರಳುತ್ತದೆ, ಜಗಳ ಅಲ್ಲಿಂದ ಶುರುವಾಗುತ್ತದೆ.